ಕಾರ್ಡ್ ಫೇಲ್ ಆದ ಮರುಕ್ಷಣ ಬೀಗ ಹಾಕಬೇಡಿ: ಚಿಕ್ಕ ಸಾಫ್ಟ್‌ವೇರ್‌ನ ತಿಂಗಳ ವಸೂಲಿ, ರೀಟ್ರೈ ಮತ್ತು ಗ್ರೇಸ್ ಪೀರಿಯಡ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಈ ಸಲದ ಮಾತನ್ನು ಬರಹದ ರೂಪದಲ್ಲಿ ಕೊಟ್ಟಿದ್ದೇನೆ. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ನಾನಿರೋದು ಅಂಬರನಾಥದಲ್ಲಿ. ಹಗಲು ನವಿ ಮುಂಬಯಿಯ ಕಂಪನಿಯಲ್ಲಿ ಕೆಲಸ. ರಾತ್ರಿ ಮತ್ತು ಭಾನುವಾರ ನನ್ನದೇ ಒಂದು ಚಿಕ್ಕ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಟ್ಯೂಷನ್ ಕ್ಲಾಸ್ ನಡೆಸೋರಿಗೆ ಹಾಜರಿ ಪುಸ್ತಕ, ಫೀ ರಸೀದಿ, ಅಪ್ಪ-ಅಮ್ಮಂದಿರಿಗೆ ಮೆಸೇಜು, ಇಷ್ಟೇ ಅದರ ಕೆಲಸ. ತಿಂಗಳಿಗೆ 599 ರೂಪಾಯಿ. ಬಳಸೋರು ಹೆಚ್ಚಿನವರು ಡೊಂಬಿವಲಿ, ಕಲ್ಯಾಣ, ಉಲ್ಲಾಸನಗರ ಕಡೆಯವರು.

ಶುರುವಿನಲ್ಲಿ ವಸೂಲಿಯ ಭಾಗವನ್ನು ನಾನು ಒಂದು ಸಂಜೆಯಲ್ಲಿ ಬರೆದು ಮುಗಿಸಿದ್ದೆ. ತಿಂಗಳ ತಾರೀಖು ಬಂದರೆ ಕಾರ್ಡಿಗೆ ಚಾರ್ಜ್ ಮಾಡು. ಫೇಲ್ ಆದರೆ ನಾಳೆ, ನಾಡಿದ್ದು, ಆಚೆ ನಾಡಿದ್ದು ಮತ್ತೆ ಮಾಡು. ಮೂರೂ ಫೇಲ್ ಆದರೆ ಲಾಗಿನ್ ಬಂದ್. ನೋಡೋಕೆ ಸರಿಯಾಗೇ ಇದೆ ಅಲ್ವಾ? ಒಂದು ಜುಲೈ 1ರ ಬೆಳಿಗ್ಗೆ ಫೋನ್ ಬಂತು.

ಫೀ ದಿನವೇ ಬೀಗ

ಡೊಂಬಿವಲಿಯಲ್ಲಿ ಮನೆಯಲ್ಲೇ ಕ್ಲಾಸ್ ನಡೆಸೋ ಕಲಬುರಗಿ ಕಡೆಯ ಅಕ್ಕ ಒಬ್ಬರು. "ಅಲ್ಲರೀ, ಫೀ ತಗೊಳ್ಳೋ ದಿನಾನೇ ಬೀಗ ಹಾಕೀರಲ್ಲ! ಬಾಗಿಲಾಗ ಮಂದಿ ನಿಂತಾರ, ರಸೀದಿ ಹೆಂಗ ಕೊಡ್ಲಿ? ನಾ ರೊಕ್ಕ ಕೊಡಂಗಿಲ್ಲ ಅಂದಿದ್ನೇನು?"

ಅಂದಿರಲಿಲ್ಲ. ಅವರ ಬಿಲ್ಲಿನ ತಾರೀಖು ಪ್ರತಿ ತಿಂಗಳ 28. ಜೂನ್ 28ಕ್ಕೆ ಡೆಬಿಟ್ ಕಾರ್ಡಿನ ಖಾತೆಯಲ್ಲಿ ಹಣ ಇರಲಿಲ್ಲ. 29ಕ್ಕೂ ಇಲ್ಲ, 30ಕ್ಕೂ ಇಲ್ಲ. ಜುಲೈ 1ರ ಬೆಳಿಗ್ಗೆ ಆರಕ್ಕೆ ಕೊನೆಯ ರೀಟ್ರೈ ಫೇಲ್ ಆಯ್ತು, ನನ್ನ ಪ್ರೋಗ್ರಾಂ ಬೀಗ ಹಾಕ್ತು. ಅವರ ಖಾತೆಗೆ ಹಣ ಬರೋದು ಮಕ್ಕಳ ಫೀಯಿಂದ. ಫೀ ಬರೋದು 1ರಿಂದ 5ರೊಳಗೆ. ಅಂದರೆ ಹಣ ಬರೋ ಬಾಗಿಲನ್ನೇ ಮುಚ್ಚಿ, ಹಣ ಯಾಕೆ ಬಂದಿಲ್ಲ ಅಂತ ಕೇಳಿದ ಹಾಗಾಯ್ತು. ಅವರು ಸಾಲಗಾರರಲ್ಲ. ನಾನು ಆರಿಸಿದ ತಾರೀಖು ತಪ್ಪು.

ಅವತ್ತೇ ಇನ್ನೊಂದು ತಪ್ಪೂ ಮಾಡಿದೆ, ಅದನ್ನು ಆಮೇಲೆ ಹೇಳ್ತೀನಿ. ಮೊದಲು ನಮ್ಮ ದೇಶದಲ್ಲಿ ಈ ತಿಂಗಳ ಡೆಬಿಟ್ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಬೇಕು. ಇಲ್ಲದಿದ್ರೆ ವಿದೇಶಿ ಲೇಖನ ಓದಿ ನನ್ನ ಹಾಗೇ ಕೋಡ್ ಬರೀತೀರಿ.

ಚಾರ್ಜ್ ಅಂದರೆ ಒಂದು ಕ್ಲಿಕ್ ಅಲ್ಲ

ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಕಾರ್ಡಿನ ಮರುಕಳಿಸುವ ಪಾವತಿಗೆ ಇ-ಮ್ಯಾಂಡೇಟ್ ನಿಯಮ ತಂತು. ಗಡುವು ಮುಂದಕ್ಕೆ ಹೋಗಿ, ಕೊನೆಗೆ 2021ರ ಅಕ್ಟೋಬರ್ 1ರಿಂದ ಅದು ಕಡ್ಡಾಯ ಆಯ್ತು. ಅವತ್ತು ಎಷ್ಟೋ ಜನರ ವಿದೇಶಿ ಸಬ್‌ಸ್ಕ್ರಿಪ್ಷನ್‌ಗಳು ನಿಂತು ಹೋಗಿದ್ದು ನಿಮಗೂ ನೆನಪಿರಬಹುದು.

ನಿಯಮದ ಸಾರ ಮೂರು ಮಾತು. ಒಂದು, ಗ್ರಾಹಕರು ಮೊದಲ ಸಲ ಒಟಿಪಿ ಕೊಟ್ಟು ಮ್ಯಾಂಡೇಟ್, ಅಂದರೆ ಒಪ್ಪಿಗೆ ನೋಂದಾಯಿಸಬೇಕು. ಎರಡು, ಪ್ರತಿ ಸಲ ಹಣ ಕಡಿತ ಆಗೋಕೆ ಕನಿಷ್ಠ 24 ಗಂಟೆ ಮೊದಲು ಕಾರ್ಡ್ ಕೊಟ್ಟ ಬ್ಯಾಂಕು ಗ್ರಾಹಕರಿಗೆ ಸೂಚನೆ ಕಳಿಸಬೇಕು. ಆ ಸೂಚನೆ ನೋಡಿ ಅವರು ಈ ಒಂದು ಕಡಿತವನ್ನು ಅಥವಾ ಇಡೀ ಮ್ಯಾಂಡೇಟನ್ನೇ ಬೇಡ ಅನ್ನಬಹುದು. ಮೂರು, ಒಟಿಪಿ ಇಲ್ಲದೆ ಕಡಿತ ಆಗೋಕೆ ಮೊತ್ತಕ್ಕೆ ಮಿತಿ ಇದೆ. 5,000 ರೂಪಾಯಿ ಇದ್ದದ್ದನ್ನು 2022ರ ಜೂನ್‌ನಲ್ಲಿ 15,000 ಮಾಡಿದರು. ನಮ್ಮ 599ಕ್ಕೆ ಮಿತಿ ತೊಂದರೆ ಅಲ್ಲ. ತೊಂದರೆ ಇರೋದು ಎರಡನೇ ಮಾತಿನಲ್ಲಿ.

ಅಮೆರಿಕದವರ ಲೇಖನಗಳು "ಬೆಳಿಗ್ಗೆ ಫೇಲ್ ಆದರೆ ಮಧ್ಯಾಹ್ನ ಇನ್ನೊಂದು ಸಲ ನೋಡಿ" ಅಂತಾವೆ. ಇಲ್ಲಿ ಪ್ರತಿ ಪ್ರಯತ್ನದ ಹಿಂದೆ ಒಂದು ಸೂಚನೆ, ಒಂದು ದಿನದ ಕಾಯುವಿಕೆ ಇದೆ ಅಂತಲೇ ಲೆಕ್ಕ ಹಾಕಿ. ಬೇರೆ ತಾರೀಖಿಗೆ ರೀಟ್ರೈ ಇಟ್ಟರೆ ಅದನ್ನು ಹೊಸ ಕಡಿತ ಅಂತ ಭಾವಿಸಿ, ಮುಂಚೆಯೇ ಗೇಟ್‌ವೇಗೆ ತಿಳಿಸೋದು ನಾನು ಪಾಲಿಸೋ ಸುರಕ್ಷಿತ ಕ್ರಮ. ಹೀಗಾಗಿ ರೀಟ್ರೈ ಅನ್ನೋದು ಇಲ್ಲಿ ಪುಕ್ಕಟೆ ಅಲ್ಲ. ಮೂರು ದಿನ ಮೂರು ಸಲ ತಟ್ಟಿದರೆ ಗ್ರಾಹಕರ ಫೋನಿಗೆ ಮೇಲಿಂದ ಮೇಲೆ ಬ್ಯಾಂಕಿನ ಮೆಸೇಜು ಹೋಗುತ್ತೆ. ಅದರಲ್ಲಿ ಒಂದನ್ನು ನೋಡಿ ಸಿಟ್ಟಿಗೆದ್ದು ಮ್ಯಾಂಡೇಟೇ ರದ್ದು ಮಾಡಿದರೆ, ಮತ್ತೆ ಒಟಿಪಿ ಹಾಕಿಸೋ ತನಕ ಒಂದು ಪೈಸೆ ಬರಲ್ಲ.

ಯುಪಿಐ ಆಟೋಪೇನಲ್ಲಿ ಲೆಕ್ಕ ಇನ್ನೂ ಸ್ಪಷ್ಟ. 2025ರ ಆಗಸ್ಟ್ 1ರಿಂದ ಒಂದು ಕಡಿತಕ್ಕೆ ಒಂದು ಪ್ರಯತ್ನ, ಮೇಲೆ ಮೂರು ರೀಟ್ರೈ, ಅಷ್ಟೇ. ಅದೂ ದಟ್ಟಣೆಯ ಹೊತ್ತು ಬಿಟ್ಟು. ಒಟ್ಟು ನಾಲ್ಕು ಗುಂಡು ಇರೋ ಬಂದೂಕು ಅಂದ್ಕೊಳ್ಳಿ. ಖಾತೆ ಖಾಲಿ ಇರೋ ದಿನಗಳಲ್ಲಿ ನಾಲ್ಕೂ ಹಾರಿಸಿದರೆ ಮುಗೀತು.

ಫೇಲ್ ಅಂದರೆ ಯಾವ ಫೇಲ್?

ನನ್ನ ಹಳೆಯ ಕೋಡಿನಲ್ಲಿ ಎರಡೇ ಉತ್ತರ ಇತ್ತು: ಆಯ್ತು, ಆಗಲಿಲ್ಲ. ನಿಜಕ್ಕೂ "ಆಗಲಿಲ್ಲ" ಅನ್ನೋದರಲ್ಲಿ ಮೂರು ಜಾತಿ ಇದೆ, ಮೂರಕ್ಕೂ ಬೇರೆ ಬೇರೆ ಔಷಧಿ.

ಮೊದಲನೆಯದು ಈಗ ಆಗಲ್ಲ, ಆಮೇಲೆ ಆಗಬಹುದು ಅನ್ನೋದು. ಬ್ಯಾಂಕಿನ ಉತ್ತರದಲ್ಲಿ ಕೋಡ್ `51` ಬಂದರೆ ಖಾತೆಯಲ್ಲಿ ಹಣ ಸಾಲದು. `91` ಬಂದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಸರ್ವರ್ ಸಿಗ್ತಿಲ್ಲ. ಇವಕ್ಕೆ ರೀಟ್ರೈ ಸರಿ. ಆದರೆ ಎರಡೂ ಒಂದೇ ಅಲ್ಲ. `91`ಗೆ ಮಾರನೇ ದಿನ ಸಾಕು. `51`ಗೆ ಹಣ ಬರೋ ದಿನ ತನಕ ಕಾಯಬೇಕು.

ಎರಡನೆಯದು ಎಷ್ಟು ಸಲ ತಟ್ಟಿದರೂ ಆಗಲ್ಲ ಅನ್ನೋದು. `54` ಅಂದರೆ ಕಾರ್ಡಿನ ಅವಧಿ ಮುಗಿದಿದೆ. `41` ಕಳೆದುಹೋದ ಕಾರ್ಡು, `43` ಕಳುವಾದ ಕಾರ್ಡು. ಗ್ರಾಹಕರೇ ಬ್ಯಾಂಕಿಗೆ ಬೇಡ ಅಂದಿದ್ದರೆ ಮ್ಯಾಂಡೇಟ್ ರದ್ದಾಯ್ತು ಅನ್ನೋ ಉತ್ತರ ಬರುತ್ತೆ. ಇಲ್ಲಿ ರೀಟ್ರೈ ಮಾಡೋದು ದಂಡ. ಕಾರ್ಡ್ ನೆಟ್‌ವರ್ಕ್‌ಗಳು ಇಂಥ ವ್ಯರ್ಥ ಪ್ರಯತ್ನಗಳಿಗೆ ಶುಲ್ಕವನ್ನೂ ಹಾಕ್ತವೆ. ಮಾಡಬೇಕಾದ್ದು ಒಂದೇ ಕೆಲಸ, ಹೊಸ ಕಾರ್ಡ್ ಅಥವಾ ಯುಪಿಐ ಮ್ಯಾಂಡೇಟ್ ಹಾಕೋ ಲಿಂಕ್ ಕಳಿಸಿ ಸುಮ್ಮನಿರೋದು. ಸ್ವತಃ ಬೇಡ ಅಂದವರಿಗೆ ಅದೂ ಒಂದೇ ಸಲ. ಅವರು ಹಣ ಇಲ್ಲ ಅಂತ ಹೇಳಿಲ್ಲ, ನೀವು ಬೇಡ ಅಂತ ಹೇಳಿದ್ದಾರೆ.

ಮೂರನೆಯದು ಏನಾಯ್ತು ಅಂತಲೇ ಗೊತ್ತಿಲ್ಲ ಅನ್ನೋದು. ಗೇಟ್‌ವೇಗೆ ವಿನಂತಿ ಹೋಯ್ತು, ಉತ್ತರ ಬರೋ ಮೊದಲು ಟೈಮ್‌ಔಟ್. ಇದನ್ನು ಫೇಲ್ ಅಂತ ಬರೆದರೆ ಕೆಟ್ಟಿರಿ. ಹಣ ಕಡಿತ ಆಗಿರಲೂಬಹುದು. ಗೇಟ್‌ವೇಯನ್ನು ಕೇಳಿ ಸ್ಪಷ್ಟ ಉತ್ತರ ಸಿಗೋ ತನಕ ಆ ಬಿಲ್ಲನ್ನು ಮುಟ್ಟಬಾರದು.

ಇದರ ಜೊತೆ ಒಂದು ಅನುಮಾನದ ಕೋಡ್ ಇದೆ, `05`. ಬ್ಯಾಂಕು ಕಾರಣ ಹೇಳದೆ ಬೇಡ ಅಂದಿದೆ ಅಂತ ಅರ್ಥ. ನಾನು ಅದಕ್ಕೆ ಒಂದೇ ರೀಟ್ರೈ ಕೊಡ್ತೀನಿ. ಅದೂ ಆಗದಿದ್ದರೆ ಎರಡನೇ ಜಾತಿಗೆ ಹಾಕಿ ಲಿಂಕ್ ಕಳಿಸ್ತೀನಿ.

ಅಕ್ಕನ ಬಿಲ್ಲಿಗೆ ಹೊಸ ವೇಳಾಪಟ್ಟಿ

ಈಗ ಅದೇ ಜೂನ್ 28ನ್ನು ಹೊಸ ನಿಯಮದಲ್ಲಿ ನಡೆಸಿ ನೋಡೋಣ.

ಜೂನ್ 25ಕ್ಕೆ ನನ್ನ ಕಡೆಯಿಂದ ಒಂದು ಮೆಸೇಜು: "28ಕ್ಕೆ 599 ರೂ. ಕಡಿತ ಆಗುತ್ತೆ, ಕೊನೆಯ ನಾಲ್ಕು ಅಂಕಿ ಇಂಥ ಕಾರ್ಡಿನಿಂದ." ಬ್ಯಾಂಕಿನ ಸೂಚನೆ ಹೇಗೂ ಹೋಗುತ್ತೆ, ಆದರೆ ಅದು ಹತ್ತು ಮೆಸೇಜಿನ ಮಧ್ಯೆ ಕಳೆದುಹೋಗುತ್ತೆ.

28ಕ್ಕೆ ಪ್ರಯತ್ನ, `51` ಬಂತು. ಅವತ್ತೇ ಎರಡು ಸಾಲಿನ ಮೆಸೇಜು: "ಹಣ ಕಡಿತ ಆಗಲಿಲ್ಲ. ಜುಲೈ 3ಕ್ಕೆ ಮತ್ತೆ ನೋಡ್ತೀವಿ, ಅಲ್ಲಿಯ ತನಕ ಎಲ್ಲ ಎಂದಿನಂತೆ ನಡೆಯುತ್ತೆ. ಈಗಲೇ ಕಟ್ಟೋದಾದರೆ ಈ ಲಿಂಕ್." ಇದರಲ್ಲಿ ಮುಖ್ಯವಾದ್ದು ನಡುವಿನ ವಾಕ್ಯ. ಮುಂದಿನ ತಾರೀಖು ಯಾವುದು, ಕೆಲಸ ನಿಲ್ಲುತ್ತಾ ಇಲ್ವಾ, ಇವೆರಡೇ ಅವರಿಗೆ ಬೇಕಾದ ವಿಷಯ.

ರೀಟ್ರೈ ಮೂರು: 5ನೇ, 8ನೇ ಮತ್ತು 12ನೇ ದಿನ. ಅಂದರೆ ಜುಲೈ 3, 6, 10. ಯಾಕೆ ಈ ದಿನಗಳು? ತಿಂಗಳ ಕೊನೆಯಲ್ಲಿ ಫೇಲ್ ಆದ `51`ಗೆ ಮದ್ದು ಸಂಬಳ, ಫೀ, ಬಾಡಿಗೆ ಬರೋ ಮೊದಲ ವಾರ. 28, 29, 30 ಮೂರೂ ಒಂದೇ ಖಾಲಿ ಖಾತೆ. ನಡುವೆ ಅಂತರ ಇಟ್ಟರೆ ಪ್ರತಿ ಪ್ರಯತ್ನವೂ ಬೇರೆ ಪರಿಸ್ಥಿತಿಯನ್ನು ನೋಡುತ್ತೆ. 10ನೇ ತಾರೀಖು ಬಿಲ್ಲು ಇರೋರಿಗೆ ಇದೇ ಪಟ್ಟಿ ಹೊಂದಲ್ಲ. ಅವರ ಕೊನೆಯ ರೀಟ್ರೈ 22ಕ್ಕೇ ಮುಗಿಯುತ್ತೆ, ಹಣ ಬರೋದು ಒಂದಕ್ಕೆ. ಅಂಥವರಿಗೆ ಮೂರರಲ್ಲಿ ಒಂದು ರೀಟ್ರೈಯನ್ನು ಮುಂದಿನ ತಿಂಗಳ 3ಕ್ಕೆ ಉಳಿಸಿಟ್ಟು, ಗ್ರೇಸನ್ನು 5ರ ತನಕ ಎಳೀತೀನಿ.

ಆದರೆ ಒಬ್ಬರು ತಿಂಗಳು ತಿಂಗಳೂ ಮೊದಲ ಸಲ ಫೇಲ್ ಆಗಿ, ರೀಟ್ರೈನಲ್ಲಿ ಪಾಸ್ ಆಗ್ತಿದ್ದಾರೆ ಅಂದರೆ ಅದು ರೀಟ್ರೈಯ ಜಾಣತನ ಅಲ್ಲ, ಬಿಲ್ಲಿನ ತಾರೀಖಿನ ರೋಗ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ, 5ನೇ ತಾರೀಖು ಆಗುತ್ತಾ ಅಂತ. "ಅದನ್ನ ಮೊದಲೇ ಕೇಳಬೇಕಿತ್ತಪ್ಪ" ಅಂದರು. 28ರಿಂದ 5ಕ್ಕೆ ಏಳು ದಿನದ ವ್ಯತ್ಯಾಸ. 599ನ್ನು 30ರಿಂದ ಭಾಗಿಸಿ ಏಳರಿಂದ ಗುಣಿಸಿದರೆ ಸುಮಾರು 140 ರೂಪಾಯಿ. ಅದನ್ನು ಬಿಟ್ಟುಕೊಟ್ಟೆ. 140 ರೂಪಾಯಿಗೆ ಬೇರೆ ಮೊತ್ತದ ಬಿಲ್ಲು, ಅದಕ್ಕೊಂದು ಸೂಚನೆ, ಅದೂ ಫೇಲ್ ಆದರೆ ಅದಕ್ಕೊಂದು ರೀಟ್ರೈ, ಇಷ್ಟೆಲ್ಲ ಯಾಕೆ? ಈಗ ಹೊಸಬರು ಸೇರುವಾಗಲೇ ಯಾವ ತಾರೀಖು ಅನುಕೂಲ ಅಂತ ಕೇಳ್ತೀನಿ.

ಒಂದು ಎಚ್ಚರಿಕೆ. ರೀಟ್ರೈ ಯಾರ ಕೈಯಲ್ಲಿದೆ ಅಂತ ಮೊದಲು ನೋಡ್ಕೊಳ್ಳಿ. ಕೆಲವು ಗೇಟ್‌ವೇಗಳ ಸಬ್‌ಸ್ಕ್ರಿಪ್ಷನ್ ವ್ಯವಸ್ಥೆ ತಾನೇ ರೀಟ್ರೈ ಮಾಡುತ್ತೆ. ಉದಾಹರಣೆಗೆ ರೇಜರ್‌ಪೇನಲ್ಲಿ ಕಾರ್ಡ್ ಕಡಿತ ಫೇಲ್ ಆದರೆ ಸಬ್‌ಸ್ಕ್ರಿಪ್ಷನ್ `pending` ಆಗುತ್ತೆ, ಅವರ ರೀಟ್ರೈ ಎಲ್ಲ ಮುಗಿದ ಮೇಲೆ `halted` ಆಗುತ್ತೆ. ಅದನ್ನು ಬಳಸೋರು ಅದರ ಮೇಲೆ ಇನ್ನೊಂದು ರೀಟ್ರೈ ಕಟ್ಟಬಾರದು. ಅಂಥವರು ಹಿಡಿತ ಇಟ್ಕೊಳ್ಳಬೇಕಾದ್ದು ಬಿಲ್ಲಿನ ತಾರೀಖು, ಮೆಸೇಜು ಮತ್ತು ಗ್ರೇಸ್ ಮೇಲೆ. ನನ್ನದು ಟೋಕನ್ ಇಟ್ಕೊಂಡು ನಾನೇ ಚಾರ್ಜ್ ಕಳಿಸೋ ವಿಧಾನ, ಅದಕ್ಕೇ ಈ ಪಟ್ಟಿ ನನ್ನ ಕೈಯಲ್ಲಿದೆ.

ಗ್ರೇಸ್ ಪೀರಿಯಡ್ ರೀಟ್ರೈಗಿಂತ ಉದ್ದ ಇರಬೇಕು

ಗ್ರೇಸ್ ಅಂದರೆ ಹಣ ಬರದಿದ್ದರೂ ಕೆಲಸ ನಡೆಯೋಕೆ ಬಿಡೋ ದಿನಗಳು. ಎಷ್ಟು ದಿನ ಅಂತ ಜನ ಕೇಳ್ತಾರೆ. ನನ್ನ ಲೆಕ್ಕ ಸರಳ: ಕೊನೆಯ ರೀಟ್ರೈ ಆಗಿ, ಅದರ ಉತ್ತರ ಬಂದು, ಗ್ರಾಹಕರು ಲಿಂಕ್ ಒತ್ತೋಕೆ ಒಂದೆರಡು ದಿನ ಸಿಗಬೇಕು. ಕೊನೆಯ ರೀಟ್ರೈ 12ನೇ ದಿನ ಆದರೆ ಗ್ರೇಸ್ 14 ದಿನ. ಹಳೆಯ ಕೋಡಿನಲ್ಲಿ ಕೊನೆಯ ರೀಟ್ರೈ ಮತ್ತು ಬೀಗ ಒಂದೇ ನಿಮಿಷದಲ್ಲಿ ಆಗ್ತಿತ್ತು. ಗ್ರಾಹಕರಿಗೆ ಏನಾದರೂ ಮಾಡೋ ಅವಕಾಶವೇ ಇರಲಿಲ್ಲ.

14 ದಿನದ ತನಕ ಪೂರ್ತಿ ಕೆಲಸ ನಡೆಯುತ್ತೆ. ಪರದೆಯ ಮೇಲೆ ಒಂದು ಪಟ್ಟಿ ಕಾಣಿಸುತ್ತೆ, ಆದರೆ ಕ್ಲಾಸಿನ ಒಡತಿಗೆ ಮಾತ್ರ. ಅವರ ಕೈಕೆಳಗಿನ ಟೀಚರ್‌ಗೂ, ಫೀ ಕಟ್ಟೋ ಪೋಷಕರಿಗೂ ಕಾಣಬಾರದು. ಮಂದಿ ಎದುರು ಮಾನ ಹೋದರೆ 599 ಬಂದರೂ ಗ್ರಾಹಕರು ಉಳಿಯಲ್ಲ. 14 ದಾಟಿದ ಮೇಲೆ ಹಳೆಯದನ್ನು ನೋಡಬಹುದು, ಮುದ್ರಿಸಬಹುದು, ಹೊಸದು ಬರೆಯೋಕಾಗಲ್ಲ. 30ನೇ ದಿನ ಸಬ್‌ಸ್ಕ್ರಿಪ್ಷನ್ ಮುಗಿಯುತ್ತೆ. ಲಾಗಿನ್ ಆದರೆ ಹಣ ಕಟ್ಟೋ ಪುಟ ಮತ್ತು ತಮ್ಮ ದಾಖಲೆಯೆಲ್ಲ ಇಳಿಸ್ಕೊಳ್ಳೋ ಬಟನ್, ಎರಡೇ. ದಾಖಲೆ ಅವರದು, ಬಾಕಿಗೆ ಒತ್ತೆ ಇಟ್ಕೊಳ್ಳೋ ಹಾಗಿಲ್ಲ.

30ಕ್ಕೆ ಮುಗಿಸೋಕೆ ಕಾರಣ ಇದೆ. ಮುಂದಿನ ಬಿಲ್ಲು ಹುಟ್ಟಿದರೆ ಎರಡು ತಿಂಗಳ 1,198 ರೂಪಾಯಿ ಒಟ್ಟಿಗೆ ಕೇಳಬೇಕಾಗುತ್ತೆ. 599 ಇಲ್ಲದವರ ಹತ್ತಿರ 1,198 ಎಲ್ಲಿಂದ ಬರಬೇಕು? ಅವರು ಬಳಸದೇ ಇರೋ ತಿಂಗಳಿಗೆ ಬಿಲ್ಲು ಹಾಕೋದು ನ್ಯಾಯವೂ ಅಲ್ಲ.

ಕೋಡಿನಲ್ಲಿ ಇದು ಇಷ್ಟೇ:

```python
def access(today, due, paid):
    if paid or today < due:
        return "full"
    late = (today - due).days
    if late <= 14:
        return "full"
    if late < 30:
        return "read"
    return "export"
```

ನೋಡಿ, ಇಲ್ಲಿ "ಬೀಗ ಹಾಕು" ಅಂತ ಯಾವ ಜಾಬೂ ಇಲ್ಲ. ಮೊದಲು ರಾತ್ರಿಯ ಜಾಬ್ ಒಂದು ಫ್ಲ್ಯಾಗ್ ಬದಲಾಯಿಸ್ತಿತ್ತು. ಹಣ ಬಂದ ಮೇಲೂ ಫ್ಲ್ಯಾಗ್ ವಾಪಸ್ ಆಗದೆ ಕೆಲವರು ಹೊರಗೇ ನಿಲ್ತಿದ್ದರು. ಈಗ ಲಾಗಿನ್ ಆದಾಗಲೆಲ್ಲ ತಾರೀಖಿನಿಂದಲೇ ಲೆಕ್ಕ. `paid` ಆದ ಕ್ಷಣ ಬಾಗಿಲು ತಾನೇ ತೆರೆಯುತ್ತೆ. `today` ಭಾರತದ ತಾರೀಖೇ ಆಗಿರಲಿ, ವಲಯ `Asia/Kolkata`. ಸರ್ವರ್ ಯುಟಿಸಿಯಲ್ಲಿದ್ದರೆ ಅದರ ದಿನ ಬದಲಾಗೋದು ನಮ್ಮ ಬೆಳಗಿನ ಐದೂವರೆಗೆ.

ಪುಕ್ಕಟೆ ಬಳಸೋರು ಇರಲ್ವಾ ಅಂತ ಕೇಳಬಹುದು. ತಡವಾಗಿ ಕಟ್ಟಿದರೂ ಮುಂದಿನ ತಾರೀಖು ಬದಲಾಗಲ್ಲ. ಜುಲೈ 10ಕ್ಕೆ ಕಟ್ಟಿದರೂ ಅದು ಜೂನ್ 28ರಿಂದಲೇ ಲೆಕ್ಕ, ಮುಂದಿನದು ಜುಲೈ 28ಕ್ಕೇ. ಹಾಗಾಗಿ ತಡ ಮಾಡಿ ಲಾಭ ಇಲ್ಲ. ಬಿಟ್ಟು ಹೋಗೋರು ಕೊನೆಗೆ 14 ದಿನ ಪುಕ್ಕಟೆ ಬಳಸಬಹುದು, ಅದು ಸುಮಾರು 280 ರೂಪಾಯಿ, ಒಂದೇ ಸಲ. ಮೊದಲ ಬಿಲ್ಲೇ ಒಮ್ಮೆಯೂ ಕಟ್ಟದವರಿಗೆ ಮಾತ್ರ ನಾನು ಗ್ರೇಸ್ ಕೊಡಲ್ಲ.

ಎರಡು ಸಲ ಹಣ ಹೋದ ಕಥೆ

ಈಗ ಆ ಇನ್ನೊಂದು ತಪ್ಪು. ಅಕ್ಕ ಫೋನ್ ಮಾಡಿದಾಗ ಗಾಬರಿಯಲ್ಲಿ ಬೀಗ ತೆಗೆದು, ಬಾಕಿಯನ್ನು ಹೊಸದಾಗಿ ರೀಟ್ರೈ ಸಾಲಿಗೆ ಹಾಕಿದೆ. ಜೊತೆಗೆ ಒಂದು ಪೇಮೆಂಟ್ ಲಿಂಕೂ ಕಳಿಸಿದೆ. ಅವರು ಅವತ್ತೇ ಸಂಜೆ ಫೀ ಹಣದಿಂದ ಯುಪಿಐನಲ್ಲಿ ಕಟ್ಟಿದರು. ಎರಡು ದಿನದ ಮೇಲೆ ಸಾಲಿನಲ್ಲಿದ್ದ ರೀಟ್ರೈ ಕಾರ್ಡಿನಿಂದ ಇನ್ನೊಂದು 599 ಎಳೆದುಕೊಳ್ತು. ಲಿಂಕಿನ ಹಣಕ್ಕೂ ಕಾರ್ಡಿನ ರೀಟ್ರೈಗೂ ನನ್ನ ಕೋಡಿನಲ್ಲಿ ಸಂಬಂಧವೇ ಇರಲಿಲ್ಲ. ಹಣ ಇಲ್ಲದೆ ಫೇಲ್ ಆಗಿದ್ದವರ ಹತ್ತಿರ ಎರಡು ಸಲ ತಗೊಂಡಿದ್ದೆ. ರೀಫಂಡ್ ಅವತ್ತೇ ಹಾಕಿದರೂ ಅವರ ಖಾತೆಗೆ ಸೇರೋಕೆ ದಿನಗಳು ಬೇಕಾದವು.

ಪರಿಹಾರ: ಒಂದು ಬಿಲ್ಲು, ಒಂದೇ ಬಾಗಿಲು. ಹಣ ಎಲ್ಲಿಂದ ಬರಲಿ, ಮೊದಲು ಬಿಲ್ಲನ್ನು ಹಿಡ್ಕೊಳ್ಳಬೇಕು.

```sql
UPDATE invoices
   SET state = 'charging'
 WHERE id = 4127
   AND state = 'open';
```

ಒಂದು ಸಾಲು ಬದಲಾದರೆ ಮಾತ್ರ ಚಾರ್ಜ್ ಕಳಿಸಿ. ಸೊನ್ನೆ ಬಂದರೆ ಬೇರೆ ಯಾರೋ ಹಿಡಿದಿದ್ದಾರೆ ಅಥವಾ ಹಣ ಆಗಲೇ ಬಂದಿದೆ, ಸುಮ್ಮನೆ ಹಿಂತಿರುಗಿ. ಲಿಂಕಿನ ಪುಟವೂ ಇದೇ ಬಾಗಿಲಿನಿಂದ ಹೋಗಬೇಕು. ಲಿಂಕ್ ತೆರೆದು ಕಟ್ಟದೇ ಬಿಟ್ಟರೆ, ಆ ಲಿಂಕಿನ ಅವಧಿ ಮುಗಿದ ಮೇಲೆ ಬಿಲ್ಲನ್ನು ಮತ್ತೆ `open` ಮಾಡಿ. ಫೇಲ್ ಅಂತ ಖಚಿತವಾದ ಉತ್ತರ ಬಂದಾಗಲೂ ಹಾಗೆಯೇ. ಟೈಮ್‌ಔಟ್ ಆದರೆ `charging` ಆಗಿಯೇ ಇರಲಿ. ಒಂದು ಗಂಟೆಗಿಂತ ಹೆಚ್ಚು `charging`ನಲ್ಲಿ ಕೂತ ಬಿಲ್ಲುಗಳ ಪಟ್ಟಿ ನನಗೆ ಮೇಲ್ ಬರುತ್ತೆ, ಗೇಟ್‌ವೇಯಲ್ಲಿ ನೋಡಿ ಸರಿ ಮಾಡ್ತೀನಿ. ಗೇಟ್‌ವೇ ಕಳಿಸೋ ವೆಬ್‌ಹುಕ್ ಕೂಡ ಒಂದೇ ಸುದ್ದಿಯನ್ನು ಎರಡು ಸಲ ತರಬಹುದು. ಅದರ ಗುರುತಿನ ಸಂಖ್ಯೆ ಬರೆದಿಟ್ಟು ಎರಡನೆಯದನ್ನು ಬಿಡಬೇಕು.

ಸರಿ ಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?

ತಿಂಗಳ 15ಕ್ಕೆ ಮೂರು ಸಂಖ್ಯೆ ನೋಡ್ತೀನಿ. ಮೊದಲ ಪ್ರಯತ್ನದಲ್ಲಿ ಫೇಲ್ ಆದವರು ಎಷ್ಟು, ಅವರಲ್ಲಿ ಯಾವ ರೀಟ್ರೈಗೆ ಎಷ್ಟು ಜನ ಬಂದರು, ರದ್ದು ಮಾಡದೇನೇ ಕಳೆದುಹೋದವರು ಎಷ್ಟು. ಮೊದಲನೆಯದು ಏರಿದರೆ ತಾರೀಖಿನ ತೊಂದರೆ. ಯಾವುದೋ ರೀಟ್ರೈಗೆ ತಿಂಗಳುಗಟ್ಟಲೆ ಒಬ್ಬರೂ ಬರದಿದ್ದರೆ ಆ ದಿನವನ್ನೇ ತೆಗೀತೀನಿ. ಮೂರನೆಯ ಪಟ್ಟಿಯಲ್ಲಿ ಇರೋರಿಗೆ ನಾನೇ ಫೋನ್ ಮಾಡ್ತೀನಿ. ಚಿಕ್ಕ ಸಾಫ್ಟ್‌ವೇರ್ ನಡೆಸೋರಿಗೆ ಇರೋ ಅನುಕೂಲ ಇದು, ಪಟ್ಟಿ ಒಂದು ಲೋಕಲ್ ಪ್ರಯಾಣದಲ್ಲಿ ಮುಗಿಯುವಷ್ಟೇ ಇರುತ್ತೆ.

ಅಕ್ಕನ ಬಿಲ್ಲು ಈಗ 5ನೇ ತಾರೀಖಿಗೆ. ಮೊದಲ ಪ್ರಯತ್ನದಲ್ಲೇ ಹಣ ಬರುತ್ತೆ. ಆದರೂ 2ನೇ ತಾರೀಖು ನನ್ನ ಮೆಸೇಜು ಹೋದಾಗ ಅವರಿಂದ ಒಂದು ಉತ್ತರ ತಪ್ಪದೆ ಬರುತ್ತೆ: "ರೊಕ್ಕ ಐತಿ. ಒಂದೇ ಸಲ ತಗೋರಿ."

ಮುಂದಿನ ವಿಡಿಯೋದಲ್ಲಿ ರೀಫಂಡ್ ಲೆಕ್ಕ ಬರೆಯೋದು ಹೇಗೆ ಅಂತ ನೋಡೋಣ. ಸಿಗೋಣ.